ಅವ್ವನ ನೆನಪಿನ ವಿಡಿಯೋಗೆ ಫೋಟೋ ಬೇಕು, ಫೋಟೋಗ್ರಾಫರ್‌ಗೆ ಪತ್ರ ಹೇಗೆ ಬರೆಯಲಿ?

ಬೆಟಗೇರಿ ಮಗಳು
ಎಲ್ಲರಿಗೂ ನಮಸ್ಕಾರ. ಅವ್ವ ತೀರಿಕೊಂಡು ಮುಂದಿನ ತಿಂಗಳಿಗೆ ಒಂದು ವರ್ಷ. ಗದಗ ಸ್ಟೇಷನ್ ಕಡೆ 27 ವರ್ಷ ಖಾನಾವಳಿ ನಡೆಸಿದ್ದಳು. ಪುಣ್ಯಸ್ಮರಣೆ ದಿನ ಊಟಕ್ಕೆ ಮೊದಲು ತೋರಿಸಲು 12 ನಿಮಿಷದ ವಿಡಿಯೋ ಮಾಡುತ್ತಿದ್ದೇನೆ. ಆಮೇಲೆ ಯೂಟ್ಯೂಬಿಗೂ ಹಾಕಬೇಕು. ಪುಣೆಯ ಸೋದರತ್ತೆ, ಅಮೆರಿಕದಲ್ಲಿರುವ ತಮ್ಮ ಬರಲಾಗುವುದಿಲ್ಲ.

ಅವ್ವ ಫೋಟೋ ಅಂದರೆ ಓಡಿ ಹೋಗುತ್ತಿದ್ದಳು. ಒಳ್ಳೆಯವು ಅಂತ ಇರುವುದು ಮೂರೇ. ಒಂದು, 2016ರಲ್ಲಿ ಒಲೆ ಮುಂದೆ ಕೂತು ರೊಟ್ಟಿ ಬಡಿಯುವ ಕಪ್ಪುಬಿಳುಪು ಫೋಟೋ. ಎರಡು, 2009ರಲ್ಲಿ ಹುಬ್ಬಳ್ಳಿಯಲ್ಲಿ ತಮ್ಮನ ಮದುವೆಯಲ್ಲಿ ನಗುತ್ತಾ ನಿಂತದ್ದು. ಮೂರು, 2018ರಲ್ಲಿ ಶಾಲೆಯ ಗ್ಯಾದರಿಂಗ್‌ನಲ್ಲಿ ಶಾಲು ಹೊದಿಸಿದ್ದು. ಮೂರನ್ನೂ ತೆಗೆದವರು ನಮ್ಮೂರಿನ ಒಬ್ಬರೇ ಫೋಟೋಗ್ರಾಫರ್. ಅವರಿಗೆ ವಾಟ್ಸಾಪ್‌ನಲ್ಲಿ ಹೀಗೆ ಬರೆದೆ:

"ಸರ್, ನಮ್ಮ ತಾಯಿಯವರ ನೆನಪಿಗಾಗಿ ವಿಡಿಯೋ ಮಾಡುತ್ತಿದ್ದೇವೆ. ನೀವು ತೆಗೆದ ಫೋಟೋಗಳನ್ನು ಬಳಸಿಕೊಳ್ಳಲು ದಯವಿಟ್ಟು ಅನುಮತಿ ಕೊಡಬೇಕು."

8 ದಿನ ಆಯಿತು. ನೀಲಿ ಗುರುತು ಬಂದಿದೆ, ಉತ್ತರ ಇಲ್ಲ. ಅವರು ಕೆಟ್ಟವರಲ್ಲ, ಅವ್ವನ ಕೈ ಊಟ ಮಾಡಿದವರು. ನಾನು ಬರೆದದ್ದರಲ್ಲಿ ಏನು ತಪ್ಪಾಗಿದೆ? ಪತ್ರ ಹೇಗಿರಬೇಕು?

ದುರ್ಗದಬೈಲ್
ನಿಮ್ಮ ಅವ್ವನ ಫೋಟೋಗೆ ನೀವು ಯಾಕೆ ಅನುಮತಿ ಕೇಳಬೇಕು ಅಕ್ಕಾ? ಮುಖ ಅವ್ವನದು. ಸುಮ್ನೆ ಹಾಕಿ.

ಎಡಿಟಿಂಗ್ ರೂಮ್
ಅಕ್ಕಾರೆ, ನಮ್ಮ ಕಡೆ ವಿಡಿಯೋ ಕೆಲಸ ಮಾಡಿಕೊಡುತ್ತೇವೆ. ಹಾಡು ಹಾಕಿ, ಎಫೆಕ್ಟ್ ಹಾಕಿ ಎರಡು ದಿನದಲ್ಲಿ ಕೊಡುತ್ತೇವೆ. ಡ್ರೋನ್ ಬೇಕಾದರೆ ಅದೂ ಇದೆ.

ಬೆಟಗೇರಿ ಮಗಳು
ತಮ್ಮಾ, ಎಡಿಟಿಂಗ್ ನಾನೇ ಮಾಡುತ್ತಿದ್ದೇನೆ. ಕೇಳಿದ್ದು ಫೋಟೋ ಅನುಮತಿಯ ವಿಷಯ.

ಹಳೇ ನೆಗೆಟಿವ್
ನಾನು ಧಾರವಾಡದಲ್ಲಿ 32 ವರ್ಷ ಸ್ಟುಡಿಯೋ ನಡೆಸಿದವನು. ಆ ಫೋಟೋಗ್ರಾಫರ್ ಯಾಕೆ ಸುಮ್ಮನಿದ್ದಾರೆ ಅಂತ ನನಗೆ ಅರ್ಥ ಆಗುತ್ತದೆ. ನನಗೂ ಇಂಥ ಮೆಸೇಜ್ ಬರುತ್ತಿದ್ದವು. "ನೀವು ತೆಗೆದ ಫೋಟೋಗಳು" ಅಂದರೆ ಯಾವುವು? ಎಷ್ಟು? ವಿಡಿಯೋ ಮನೆಯಲ್ಲಿ ನೋಡುತ್ತಾರೋ, ಯೂಟ್ಯೂಬಿಗೆ ಹೋಗುತ್ತದೋ, ನಾಳೆ ಖಾನಾವಳಿ ಜಾಹೀರಾತಿಗೆ ಬಳಸುತ್ತಾರೋ? ಹೂಂ ಅಂದರೆ ಎಲ್ಲಕ್ಕೂ ಹೂಂ ಅಂದ ಹಾಗೆ. ಬೇಡ ಅಂದರೆ ದುಃಖದಲ್ಲಿರುವ ಮನೆಯವರಿಗೆ ಬೇಡ ಅಂದ ಪಾಪ. ಆಗ ಮನುಷ್ಯ ಮೆಸೇಜನ್ನು ಹಾಗೇ ಬಿಡುತ್ತಾನೆ.

ಇನ್ನೊಂದು ಮಾತು. ಮೂರು ಫೋಟೋ ತೆಗೆದವರು ಒಬ್ಬರೇ ಇರಬಹುದು, ಆದರೆ ಮೂರರ ಹಕ್ಕೂ ಅವರದೇ ಅಂತ ತಿಳಿಯಬೇಡಿ. ಒಂದೊಂದಕ್ಕೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಫೋಟೋ ತೆಗೆಯಿರಿ ಅಂತ ಹೇಳಿದ್ದು ಯಾರು, ದುಡ್ಡು ಕೊಟ್ಟದ್ದು ಯಾರು?

ಬೆಟಗೇರಿ ಮಗಳು
ರೊಟ್ಟಿ ಫೋಟೋ ಯಾರೂ ಹೇಳಿ ತೆಗೆಸಿದ್ದಲ್ಲ. ಊಟಕ್ಕೆ ಬಂದಾಗ ಅವರೇ ತೆಗೆದರು. ಆಮೇಲೆ ಫೇಸ್‌ಬುಕ್‌ನಲ್ಲಿ ಹಾಕಿದರು, ನಮಗೆ ಒಂದು ಪ್ರಿಂಟ್ ಫ್ರೇಮ್ ಹಾಕಿಸಿ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಮದುವೆಗೆ ಅವರನ್ನು ಗೊತ್ತು ಮಾಡಿದ್ದು ಬೀಗರು. ಶಾಲೆಯದು ಶಾಲೆಯವರು ಕರೆಸಿದ್ದು.

ಲೈನ್‌ಬಜಾರ್ ಹುಡುಗ
ಇಷ್ಟೆಲ್ಲಾ ಯಾಕೆ? ಕಾಪಿರೈಟ್ ಯಾವಾಗಲೂ ಕ್ಯಾಮೆರಾ ಹಿಡಿದವನದು. ಮೂರೂ ಅವರವೇ. ಯೂಟ್ಯೂಬ್‌ನಲ್ಲಿ ನೂರು ವಿಡಿಯೋ ನೋಡಿದ್ದೇನೆ, ಎಲ್ಲರೂ ಇದನ್ನೇ ಹೇಳುತ್ತಾರೆ.

ಹಾವೇರಿ ವಕೀಲ
ಅರ್ಧ ಸರಿ ತಮ್ಮಾ. ನೀನು ನೋಡಿದ ವಿಡಿಯೋಗಳು ಅಮೆರಿಕದ ಕಾನೂನಿನ ಬಗ್ಗೆ ಇರಬೇಕು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲೂ ಫೋಟೋದ ಕರ್ತೃ ಅಂದರೆ ತೆಗೆದವನೇ. ಆದರೆ 17ನೇ ಕಲಂ ಇದೆ. ಒಬ್ಬರು ಹೇಳಿ, ದುಡ್ಡು ಕೊಟ್ಟು ಫೋಟೋ ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಅದರ ಮೊದಲ ಒಡೆಯ ತೆಗೆಸಿದವನು.

ಹಾಗಾಗಿ ರೊಟ್ಟಿ ಫೋಟೋ ಫೋಟೋಗ್ರಾಫರದು. ಅದಕ್ಕೆ ಅವರ ಅನುಮತಿ ಬೇಕೇ ಬೇಕು. ಮದುವೆ ಫೋಟೋ ಬೀಗರದು. ಶಾಲೆಯದು ಶಾಲೆಯದು. ಮೂರು ಫೋಟೋ, ಮೂರು ಬಾಗಿಲು.

ಲೈನ್‌ಬಜಾರ್ ಹುಡುಗ
ಹಾಗಾದರೆ ಮದುವೆ ಫೋಟೋಗ್ರಾಫರ್‌ಗಳು ತಮ್ಮ ಪೇಜಿನಲ್ಲಿ ಮದುಮಕ್ಕಳ ಫೋಟೋ ಹಾಕಿಕೊಳ್ಳುತ್ತಾರಲ್ಲಾ, ಅದು?

ಹಾವೇರಿ ವಕೀಲ
ಅದಕ್ಕೆ ಅವರೇ ನಿಮ್ಮನ್ನು ಕೇಳಬೇಕು. ಜಾಸ್ತಿ ಜನ ಕೇಳುವುದಿಲ್ಲ. ಕೆಲವರು ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ "ಹಕ್ಕು ಸ್ಟುಡಿಯೋದ್ದು" ಅಂತ ಅಚ್ಚು ಹಾಕಿಸಿರುತ್ತಾರೆ. ಗಿರಾಕಿ ಸಹಿ ಮಾಡದ ಬಿಲ್ಲಿನ ಆ ಸಾಲು ಒಪ್ಪಂದ ಆಗುತ್ತದೋ ಇಲ್ಲವೋ ಅಂತ ವಾದ ಮಾಡಬಹುದು. ಬೀಗರ ಹತ್ತಿರ ಬಿಲ್ ಇದ್ದರೆ ಹಿಂದೆ ತಿರುಗಿಸಿ ನೋಡಿ ಅಕ್ಕಾ.

ಕೆರೆ ದಂಡೆ
ನನ್ನ ಕಥೆ ಕೇಳಿ. ನನ್ನ ಮಗಳ ಹುಟ್ಟುಹಬ್ಬದ ಫೋಟೋ ತೆಗೆಸಿದ್ದೆ. ಮೂರು ತಿಂಗಳು ಬಿಟ್ಟು ನೋಡಿದರೆ ಅದೇ ಫೋಟೋ ಸ್ಟುಡಿಯೋ ಬಾಗಿಲಲ್ಲಿ ನಾಲ್ಕು ಅಡಿ ಬೋರ್ಡ್ ಆಗಿದೆ. ಒಂದು ಮಾತು ಕೇಳಿರಲಿಲ್ಲ. ತೆಗೆಯಿರಿ ಅಂದರೆ "ಮಗು ಚೆಂದ ಇದೆ, ಇರಲಿ ಬಿಡ್ರಿ" ಅಂದರು. ಎರಡು ಸಲ ಹೋಗಿ ಜಗಳ ಮಾಡಿದ ಮೇಲೆ ತೆಗೆದರು. ನಮ್ಮನ್ನು ಕೇಳದವರನ್ನು ನಾವು ಯಾಕೆ ಕೇಳಬೇಕು ಅಂತ ನನಗೆ ಅನಿಸುತ್ತದೆ.

ಹಳೇ ನೆಗೆಟಿವ್
ಅದು ತಪ್ಪೇ, ಅಕ್ಕಾರೆ. ನನ್ನ ಕಸುಬಿನವರು ಮಾಡಿದ ತಪ್ಪು. ಆದರೆ ಅದರ ಸಿಟ್ಟನ್ನು ಈ ಮನುಷ್ಯನ ಮೇಲೆ ತೀರಿಸುವುದು ಬೇಡ. ರೊಟ್ಟಿ ಬಡಿಯುವ ಕೈಯನ್ನು ಆ ಬೆಳಕಿನಲ್ಲಿ ಹಿಡಿಯಲು ಅವರು ಎಷ್ಟು ದಿನ ಅಲ್ಲಿ ಊಟಕ್ಕೆ ಕೂತಿದ್ದರೋ.

ದುರ್ಗದಬೈಲ್
ಪ್ರಿಂಟ್ ಫ್ರೇಮ್ ಹಾಕಿ ಕೊಟ್ಟಿದ್ದಾರಲ್ಲಾ. ಕೊಟ್ಟ ಮೇಲೆ ಅದು ಇವರದೇ. ಅದನ್ನೇ ಸ್ಕ್ಯಾನ್ ಮಾಡಿದರೆ ಆಯಿತು.

ಹಾವೇರಿ ವಕೀಲ
ಕೊಟ್ಟದ್ದು ಕಾಗದ ಮತ್ತು ಫ್ರೇಮು. ಗೋಡೆಗೆ ಹಾಕಿ, ಯಾರಿಗಾದರೂ ಕೊಡಿ, ಕೇಳುವವರಿಲ್ಲ. ಅದರ ನಕಲು ಮಾಡಿ ಊರಿಗೆಲ್ಲ ತೋರಿಸುವ ಹಕ್ಕು ಆ ಕಾಗದದ ಜೊತೆ ಬರಲಿಲ್ಲ.

ಮಲಪ್ರಭಾ
ಸರ್, ಖಾಸಗಿ ಉಪಯೋಗಕ್ಕೆ ಅನುಮತಿ ಬೇಡ ಅಂತ ಕಾಯ್ದೆಯಲ್ಲಿ ಇದೆ ಅಲ್ವಾ? ಇದು ಮನೆ ಕಾರ್ಯಕ್ರಮ.

ಹಾವೇರಿ ವಕೀಲ
ಇದೆ, 52ನೇ ಕಲಂನಲ್ಲಿ. ಮನೆ ಟಿವಿಯಲ್ಲಿ ಮನೆಯವರು ನೋಡುವುದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಯೂಟ್ಯೂಬ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿದರೆ ಅದು ಖಾಸಗಿ ಅಲ್ಲ. ನಡುವೆ ಇರುವುದು ಸಭಾಭವನ. 300 ಜನ ಬಂಧುಗಳು ಕೂತು ನೋಡಿದರೆ ಖಾಸಗಿಯೋ ಅಲ್ಲವೋ? ನಾನು ಖಾಸಗಿ ಅಂತ ವಾದಿಸಬಲ್ಲೆ, ಎದುರಿನ ವಕೀಲ ಅಲ್ಲ ಅಂತ ವಾದಿಸಬಲ್ಲ. ಒಂದು ಪತ್ರದಲ್ಲಿ ಮುಗಿಯುವುದಕ್ಕೆ ಆ ವಾದ ಯಾಕೆ?

ಮಲಪ್ರಭಾ
ಒಪ್ಪುವುದಿಲ್ಲ ಸರ್. ಪುಣ್ಯಸ್ಮರಣೆಗೆ ಬರುವವರು ಬಂಧುಗಳು, ಟಿಕೆಟ್ ತೆಗೆದುಕೊಂಡು ಬಂದವರಲ್ಲ. ಆದರೆ ಯೂಟ್ಯೂಬ್ ವಿಷಯ ನೀವು ಹೇಳಿದ್ದು ಸರಿ.

ಬೆಟಗೇರಿ ಮಗಳು
ಬೀಗರಿಗೆ ಈಗಷ್ಟೇ ಫೋನ್ ಮಾಡಿದೆ. "ಅದನ್ನೂ ಕೇಳಬೇಕೇನವ್ವಾ" ಅಂದರು, ಆಮೇಲೆ ಅತ್ತರು. ಬಿಲ್ ಸಿಗಲಿಲ್ಲ. ಆಲ್ಬಮ್ ಇದೆ, ಫೈಲ್ ಇದ್ದ ಸಿಡಿ ಓಡುತ್ತಿಲ್ಲ. ಹಕ್ಕು ಬೀಗರದು ಅಂದ ಮೇಲೆ ಫೈಲ್ ಕೊಡಿ ಅಂತ ಫೋಟೋಗ್ರಾಫರನ್ನು ಕೇಳಬಹುದಾ?

ಹಳೇ ನೆಗೆಟಿವ್
ಕೇಳಬಹುದು, ಆದರೆ ಹಕ್ಕಿನ ಮಾತಿನಲ್ಲಿ ಕೇಳಬೇಡಿ. 2009ರ ಫೈಲನ್ನು ಅವರು ಇಷ್ಟು ವರ್ಷ ಕಾಯ್ದುಕೊಂಡು ಬರಬೇಕು ಅಂತ ಏನಿಲ್ಲ. ಹಾರ್ಡ್‌ಡಿಸ್ಕ್ ಹುಡುಕಿ ತೆಗೆಯುವುದಕ್ಕೆ ಅರ್ಧ ದಿನ ಬೇಕು. ಹುಡುಕುವ ಕೆಲಸಕ್ಕೆ ಏನು ಕೊಡಬೇಕು ಹೇಳಿ ಅಂತ ಪತ್ರದಲ್ಲೇ ಬರೆಯಿರಿ. ಸಿಗದಿದ್ದರೆ ಆಲ್ಬಮ್ ಫೋಟೋ ಸ್ಕ್ಯಾನ್ ಮಾಡಿ. 6 ಇಂಚು 4 ಇಂಚಿನ ಪ್ರಿಂಟನ್ನು 300 ಡಿಪಿಐನಲ್ಲಿ ಮಾಡಿದರೆ 1800 ಬೈ 1200 ಬರುತ್ತದೆ. ನಿಮ್ಮ ವಿಡಿಯೋ 1920 ಬೈ 1080 ಇದ್ದರೆ ಅಗಲಕ್ಕೆ ಅಷ್ಟೇ ಸಾಲುವುದಿಲ್ಲ, ಅವ್ವನ ಮುಖದ ಹತ್ತಿರ ಜೂಮ್ ಹೋದರೆ ಒಡೆದ ಹಾಗೆ ಕಾಣುತ್ತದೆ. 600ರಲ್ಲಿ ಮಾಡಿ.

ರೊಟ್ಟಿ ಫೋಟೋಗೆ ಮಾತ್ರ ಮೂಲ ಫೈಲೇ ಕೇಳಿ. ಫೇಸ್‌ಬುಕ್‌ನಿಂದ ಇಳಿಸಿಕೊಂಡದ್ದು ದೊಡ್ಡ ಪರದೆ ಮೇಲೆ ಮಸುಕು ಮಸುಕಾಗುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿದರೆ ಫೋಟೋ ಅಂತ ಬೇಡ, ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ. ಇಲ್ಲದಿದ್ದರೆ ಅದೂ ಸಣ್ಣದಾಗಿ ಬರುತ್ತದೆ.

ಹಾವೇರಿ ವಕೀಲ
ಪತ್ರ ಬರೆಯುವ ಮೊದಲು ಎರಡು ವಿಷಯ ಗಮನಿಸಿ ಅಕ್ಕಾ. ಬಹಳ ಜನ ಬಿಟ್ಟುಬಿಡುತ್ತಾರೆ. ಅನುಮತಿ ಪತ್ರದಲ್ಲಿ ಎಷ್ಟು ಕಾಲ ಅಂತ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಅಂತ ತಿಳಿಯುತ್ತದೆ. ಎಲ್ಲಿ ಅಂತ ಬರೆಯದಿದ್ದರೆ ಭಾರತದ ಒಳಗೆ ಮಾತ್ರ. ಇದು 19ನೇ ಕಲಂ, ಅನುಮತಿಗಳಿಗೂ ಅನ್ವಯಿಸುತ್ತದೆ. ನಿಮ್ಮ ತಮ್ಮ ಅಮೆರಿಕದಲ್ಲಿ ನೋಡಬೇಕು, ಮೊಮ್ಮಕ್ಕಳು 20 ವರ್ಷ ಆದ ಮೇಲೂ ನೋಡಬೇಕು. ಹಾಗಾಗಿ ಎರಡನ್ನೂ ಬಾಯಿ ಬಿಟ್ಟು ಬರೆಯಿರಿ.

ಅನುಮತಿ ಬರಹದಲ್ಲೇ ಇರಬೇಕು. ಫೋನಿನಲ್ಲಿ "ಹಾಕ್ರಿ ಹಾಕ್ರಿ" ಅಂದದ್ದು ಸಾಲದು. ಇಮೇಲ್, ಮೆಸೇಜ್ ಕೂಡ ಬರಹವೇ, 2000ದ ಐಟಿ ಕಾಯ್ದೆ ಒಪ್ಪುತ್ತದೆ. ಆದರೂ ಸಹಿ ಮಾಡಿದ ಒಂದು ಹಾಳೆ ಇದ್ದರೆ ನನಗೆ ಸಮಾಧಾನ.

ಬೆಟಗೇರಿ ಮಗಳು
ನಿನ್ನೆ ರಾತ್ರಿ ಕೂತು ಬರೆದೆ. ನೋಡಿ ಹೇಳಿ.

"ಮಾನ್ಯರೇ, ನಮಸ್ಕಾರ. ಸ್ಟೇಷನ್ ಕಡೆ ಖಾನಾವಳಿ ನಡೆಸುತ್ತಿದ್ದ ಅವ್ವನ ಮಗಳು ನಾನು. ಹಿಂದೆ ಕಳಿಸಿದ ಮೆಸೇಜ್‌ನಲ್ಲಿ ಏನು ಬೇಕು ಅಂತ ಸರಿಯಾಗಿ ಹೇಳಿರಲಿಲ್ಲ, ಅದಕ್ಕೆ ಈ ಪತ್ರ.

2016ರಲ್ಲಿ ನೀವು ತೆಗೆದ, ಅವ್ವ ರೊಟ್ಟಿ ಬಡಿಯುತ್ತಿರುವ ಕಪ್ಪುಬಿಳುಪು ಫೋಟೋ ಒಂದನ್ನು ನಮ್ಮ ಮನೆಯ ವಿಡಿಯೋದಲ್ಲಿ ಬಳಸಲು ನಿಮ್ಮ ಅನುಮತಿ ಕೇಳುತ್ತಿದ್ದೇನೆ. ಗುರುತಿಗೆ ಸಣ್ಣ ಪ್ರತಿ ಲಗತ್ತಿಸಿದ್ದೇನೆ. 12 ನಿಮಿಷದ ವಿಡಿಯೋದಲ್ಲಿ ಅದು ಎರಡು ಸಲ, ಒಟ್ಟು 20 ಸೆಕೆಂಡು ಕಾಣುತ್ತದೆ. ಪುಣ್ಯಸ್ಮರಣೆಯ ದಿನ ಸಭಾಭವನದಲ್ಲಿ ತೋರಿಸುತ್ತೇವೆ. ಆಮೇಲೆ ಯೂಟ್ಯೂಬ್‌ನಲ್ಲಿ ಹಾಕುತ್ತೇವೆ. ಹೊರದೇಶದಲ್ಲಿರುವ ಬಂಧುಗಳೂ ನೋಡುತ್ತಾರೆ. ಈ ವಿಡಿಯೋದೊಳಗೆ ಮಾತ್ರ, ಕಾಲಮಿತಿ ಇಲ್ಲದೆ, ಎಲ್ಲಾ ದೇಶಗಳಲ್ಲಿ ಬಳಸಲು ಅನುಮತಿ ಬೇಕು. ವಿಡಿಯೋದಿಂದ ದುಡ್ಡು ಮಾಡುವುದಿಲ್ಲ, ಜಾಹೀರಾತು ಹಾಕುವುದಿಲ್ಲ. ಫೋಟೋ ಬೇರೆ ಎಲ್ಲೂ ಬಳಸುವುದಿಲ್ಲ, ಅದರ ಹಕ್ಕು ನಿಮ್ಮದಾಗಿಯೇ ಇರುತ್ತದೆ.

ಫೋಟೋ ಬಂದಾಗ ಕೆಳಗೆ ನಿಮ್ಮ ಹೆಸರು ಹಾಕುತ್ತೇವೆ. ಹೆಸರು ಹೇಗೆ ಬರಬೇಕು ತಿಳಿಸಿ. ಜೂಮ್ ಮಾಡಿ ಕೈಗಳನ್ನು ಹತ್ತಿರದಿಂದ ತೋರಿಸುವ ಆಸೆ ಇದೆ, ನಿಮಗೆ ಒಪ್ಪಿಗೆ ಇದ್ದರೆ ಮಾತ್ರ. ಸಂಭಾವನೆ ಏನಾದರೂ ಇದ್ದರೆ ಹೇಳಿ. ಮೂಲ ಫೈಲ್ ಕೊಟ್ಟರೆ ಉಪಕಾರ. 2009ರ ಮದುವೆ ಫೋಟೋಗೆ ಬೀಗರು ಒಪ್ಪಿದ್ದಾರೆ. ಅದರ ಫೈಲ್ ನಿಮ್ಮಲ್ಲಿ ಉಳಿದಿದ್ದರೆ, ಹುಡುಕುವ ಖರ್ಚು ನಾವು ಕೊಡುತ್ತೇವೆ.

ಮುಂದಿನ ಶನಿವಾರದೊಳಗೆ ತಿಳಿಸಿದರೆ ಎಡಿಟಿಂಗ್‌ಗೆ ಅನುಕೂಲ. ಬೇಡ ಅಂದರೂ ಬೇಸರವಿಲ್ಲ, ಆ ಜಾಗದಲ್ಲಿ ಬೇರೆ ಫೋಟೋ ಹಾಕುತ್ತೇನೆ."

ಕೆಳಗೆ "ಮೇಲಿನಂತೆ ಅನುಮತಿ ಕೊಟ್ಟಿದ್ದೇನೆ" ಅಂತ ಒಂದು ಸಾಲು, ಸಹಿ, ತಾರೀಖಿಗೆ ಜಾಗ ಬಿಟ್ಟಿದ್ದೇನೆ.

ಶಿಗ್ಗಾವಿ ಸರ್
ಪತ್ರ ಚೆಂದ ಬರೆದಿದ್ದೀರಿ ತಾಯಿ. ಆದರೆ ಅವರು ನಿಮ್ಮ ಮನೆ ಊಟ ಮಾಡಿದವರು. ಇಷ್ಟು ಲೆಕ್ಕಾಚಾರದ ಪತ್ರ ನೋಡಿದರೆ ನೋಟಿಸ್ ಬಂದ ಹಾಗೆ ಅನಿಸಬಹುದು. ನಾನಾಗಿದ್ದರೆ ಮನೆಗೆ ಹೋಗಿ ಚಹಾ ಕುಡಿದು ಕೇಳುತ್ತಿದ್ದೆ.

ಹಳೇ ನೆಗೆಟಿವ್
ಎರಡನ್ನೂ ಮಾಡಲಿ. ಪತ್ರ ಹಿಡಿದುಕೊಂಡೇ ಹೋಗಲಿ. ನನಗೆ ಇಂಥ ಪತ್ರ ಬಂದಿದ್ದರೆ ಐದು ನಿಮಿಷದಲ್ಲಿ ಸಹಿ ಮಾಡುತ್ತಿದ್ದೆ, ಯಾಕೆಂದರೆ ನಾನು ಕೇಳಬೇಕಾದ್ದು ಏನೂ ಉಳಿದಿಲ್ಲ.

ಜೂಮ್ ವಿಷಯ ಮೊದಲೇ ಕೇಳಿದ್ದು ಬಹಳ ಒಳ್ಳೆಯದಾಯಿತು. ಕಪ್ಪುಬಿಳುಪು ಫೋಟೋಗೆ ಈಗ ಎಲ್ಲರೂ ಬಣ್ಣ ತುಂಬುತ್ತಾರೆ, ಅಂಚು ಕತ್ತರಿಸುತ್ತಾರೆ. ತೆಗೆದವನಿಗೆ ಅದು ಕರುಳಿಗೆ ಚುಚ್ಚುತ್ತದೆ. ಬಣ್ಣ ತುಂಬುವುದಿಲ್ಲ ಅಂತ ಒಂದು ಸಾಲು ಸೇರಿಸಿ.

ಹಾವೇರಿ ವಕೀಲ
ಇದು ನನ್ನ ಕೆಲಸ ಅಂತ ಹೇಳಿಕೊಳ್ಳುವ ಹಕ್ಕು, ಕೆಲಸವನ್ನು ಕೆಡಿಸಿ ಹೆಸರಿಗೆ ಧಕ್ಕೆ ತಂದರೆ ತಡೆಯುವ ಹಕ್ಕು ಎರಡೂ ಕರ್ತೃವಿಗೆ ಇವೆ, 57ನೇ ಕಲಂ. ಕಾಪಿರೈಟ್ ಮಾರಿದ ಮೇಲೂ ಆ ಹಕ್ಕುಗಳು ಅವನಲ್ಲೇ ಇರುತ್ತವೆ. ಹಾಗಾಗಿ ಬೀಗರ ಮದುವೆ ಫೋಟೋದಲ್ಲೂ ಫೋಟೋಗ್ರಾಫರ ಹೆಸರು ಹಾಕಿ. ಕೈ ಜೂಮ್ ಮಾಡಿದರೆ ಕೆಡಿಸಿದ ಹಾಗೆ ಅಂತ ನನಗೆ ಅನಿಸುವುದಿಲ್ಲ, ಆದರೆ ಕೇಳಿದ್ದು ಸರಿ.

ಮಲಪ್ರಭಾ
"ಬೇಡ ಅಂದರೂ ಬೇಸರವಿಲ್ಲ" ಅನ್ನುವ ಸಾಲು ತೆಗೆಯಿರಿ. ಬೇಡ ಅನ್ನಲು ನೀವೇ ದಾರಿ ತೋರಿಸಿದ ಹಾಗೆ ಆಗುತ್ತದೆ.

ಬೆಟಗೇರಿ ಮಗಳು
ಅದು ಇರಲಿ ಅಕ್ಕಾ. ನಿಜವಾಗಿಯೂ ಅವರಿಗೆ ಇಷ್ಟ ಇಲ್ಲದೆ ಹಾಕಲು ನನಗೆ ಮನಸ್ಸಿಲ್ಲ. ಬಣ್ಣದ ಸಾಲು ಸೇರಿಸಿದೆ. ನಾಳೆ ಹೋಗುತ್ತೇನೆ.

ಕೆರೆ ದಂಡೆ
ಹಾಡು ಯಾವುದು ಹಾಕುತ್ತೀರಿ? ನಮ್ಮ ಮಾವನವರ ವಿಡಿಯೋಗೆ ಸಿನಿಮಾ ಹಾಡು ಹಾಕಿದ್ದೆವು, ಯೂಟ್ಯೂಬ್ ಅರ್ಧ ಗಂಟೆಯಲ್ಲಿ ಕಾಪಿರೈಟ್ ಕ್ಲೇಮ್ ಅಂತ ತೋರಿಸಿತು. ನಾವು ಜಾಹೀರಾತು ಬೇಡ ಅಂದಿದ್ದರೂ ಹಾಡಿನವರ ಜಾಹೀರಾತು ಬರತೊಡಗಿತು. ಕಾರ್ಯಕ್ರಮದ ವಿಡಿಯೋ ಮೇಲೆ ಬನಿಯನ್ ಜಾಹೀರಾತು, ಮನಸ್ಸಿಗೆ ಬಹಳ ನೋವಾಯಿತು.

ಬೆಟಗೇರಿ ಮಗಳು
ಅಯ್ಯೋ, ಇದು ನನಗೆ ಹೊಳೆದಿರಲಿಲ್ಲ. ಪತ್ರದಲ್ಲಿ ಜಾಹೀರಾತು ಇಲ್ಲ ಅಂತ ಮಾತು ಕೊಟ್ಟಿದ್ದೇನೆ. ಹಾಡು ತೆಗೆದುಬಿಡುತ್ತೇನೆ. ನಮ್ಮ ಓಣಿಯ ಭಜನಾ ಮಂಡಳಿಯವರು ಅವ್ವನಿಗಾಗಿ ಹಾಡಿದ ವಚನ ಫೋನಿನಲ್ಲಿ ಇದೆ, ಅವರನ್ನು ಕೇಳಿ ಅದನ್ನೇ ಹಾಕುತ್ತೇನೆ.

ದುರ್ಗದಬೈಲ್
ಏನಾಯಿತು ಅಕ್ಕಾ? ಸಹಿ ಮಾಡಿದರಾ?

ಬೆಟಗೇರಿ ಮಗಳು
ಹೋಗಿ ಬಂದೆ. ಎರಡು ತಾಸು ಕೂತೆವು.

ಮೊದಲ ಮೆಸೇಜಿಗೆ ಯಾಕೆ ಉತ್ತರ ಕೊಡಲಿಲ್ಲ ಅಂದರೆ, ಆ ರೊಟ್ಟಿ ಫೋಟೋವನ್ನು ಅವರು ಈ ವರ್ಷದ ಒಂದು ಕ್ಯಾಲೆಂಡರಿಗೆ ಕೊಟ್ಟಿದ್ದಾರೆ. ಡಿಸೆಂಬರ್ ಮುಗಿಯುವ ತನಕ ಬೇರೆ ಯಾರಿಗೂ ಎಲ್ಲರಿಗೆ ಕಾಣುವ ಹಾಗೆ ಬಳಸಲು ಕೊಡುವುದಿಲ್ಲ ಅಂತ ಬರೆದುಕೊಟ್ಟಿದ್ದಾರೆ. ನಮಗೆ ಹೇಳಲು ಸಂಕೋಚ ಆಗಿ ಸುಮ್ಮನಿದ್ದರು. ಪತ್ರದಲ್ಲಿ ಸಭಾಭವನ ಬೇರೆ, ಯೂಟ್ಯೂಬ್ ಬೇರೆ ಅಂತ ಬರೆದಿದ್ದರಿಂದ ಅವರಿಗೆ ದಾರಿ ಸಿಕ್ಕಿತು. ಕ್ಯಾಲೆಂಡರಿನವರಿಗೆ ನನ್ನ ಎದುರೇ ಫೋನ್ ಮಾಡಿದರು. ಸಭಾಭವನದಲ್ಲಿ ತೋರಿಸಬಹುದು. ಯೂಟ್ಯೂಬ್‌ನಲ್ಲಿ ಡಿಸೆಂಬರ್ 31ರ ತನಕ ಅನ್‌ಲಿಸ್ಟೆಡ್ ಇಟ್ಟು ಮನೆಯವರಿಗೆ ಮಾತ್ರ ಲಿಂಕ್ ಕೊಡಬಹುದು. ಜನವರಿ 1ರಿಂದ ಎಲ್ಲರಿಗೂ ತೆರೆಯಬಹುದು. ಇದನ್ನೆಲ್ಲಾ ಕೈಯಲ್ಲೇ ಪತ್ರದ ಕೆಳಗೆ ಬರೆದು ಸಹಿ ಮಾಡಿದರು. ಕ್ಯಾಲೆಂಡರಿನವರಿಂದಲೂ ಮೆಸೇಜ್ ತರಿಸಿ ನನಗೆ ಕಳಿಸಿದರು.

ದುಡ್ಡು ಬೇಡ ಅಂದರು. ಜೂಮ್ ಬೇಡ ಅಂದರು. ಫೋಟೋದ ಎಡಗಡೆ ಮೂಲೆಯಲ್ಲಿ ನನ್ನ ಅಪ್ಪ ಬಾಗಿಲಿಗೆ ಒರಗಿ ನಿಂತದ್ದು ಅರ್ಧ ಕಾಣುತ್ತದೆ. ಅದನ್ನು ಬಿಟ್ಟು ಕೈ ಮಾತ್ರ ತೋರಿಸಿದರೆ ಅದು ತಾವು ತೆಗೆದ ಫೋಟೋ ಅಲ್ಲ ಅಂದರು. ಇಷ್ಟು ವರ್ಷ ಗೋಡೆ ಮೇಲೆ ಇದ್ದರೂ ಅಪ್ಪ ಅಲ್ಲಿರುವುದನ್ನು ನಾನು ಗಮನಿಸಿರಲಿಲ್ಲ. ಫ್ರೇಮಿನ ಅಂಚು ಮುಚ್ಚಿತ್ತು.

ಹಳೇ ನೆಗೆಟಿವ್
ಹಾಗಾದರೆ ಪೂರ್ತಿ ಫ್ರೇಮನ್ನೇ 20 ಸೆಕೆಂಡು ನಿಲ್ಲಿಸಿ. ಜೂಮ್ ಇಲ್ಲದಿದ್ದರೂ ಜನ ನೋಡುತ್ತಾರೆ.

ಹಾವೇರಿ ವಕೀಲ
ಅನ್‌ಲಿಸ್ಟೆಡ್ ಅಂದರೆ ಬೀಗ ಅಲ್ಲ ಅಕ್ಕಾ, ಲಿಂಕ್ ಸಿಕ್ಕವರು ಯಾರಾದರೂ ನೋಡಬಹುದು. ಬಂಧುಗಳ ಗುಂಪಿನಲ್ಲಿ ಲಿಂಕ್ ಹಾಕುವಾಗ, ಡಿಸೆಂಬರ್ ತನಕ ಮುಂದೆ ಕಳಿಸಬೇಡಿ ಅಂತ ಬರೆಯಿರಿ. ಶಾಲೆಯದು ಏನಾಯಿತು?

ಬೆಟಗೇರಿ ಮಗಳು
ಮುಖ್ಯೋಪಾಧ್ಯಾಯರು ಬದಲಾಗಿದ್ದಾರೆ. ಹೊಸಬರು "ಎಸ್‌ಡಿಎಂಸಿ ಸಭೆಯಲ್ಲಿ ಇಡುತ್ತೇನೆ" ಅಂದರು. ಫೋಟೋದಲ್ಲಿ ಪಕ್ಕದಲ್ಲಿ ಮಕ್ಕಳೂ ಇದ್ದಾರೆ, ಅವರ ತಂದೆತಾಯಿ ಏನನ್ನುತ್ತಾರೋ ಅಂತ ಅವರಿಗೆ ಯೋಚನೆ.

ಲೈನ್‌ಬಜಾರ್ ಹುಡುಗ
ಮಕ್ಕಳ ಮುಖ ಬ್ಲರ್ ಮಾಡಿದರೆ?

ಹಳೇ ನೆಗೆಟಿವ್
ಅದಕ್ಕೂ ತೆಗೆದವರನ್ನೇ ಒಂದು ಮಾತು ಕೇಳಬೇಕಾಗುತ್ತದೆ ನೋಡು ತಮ್ಮಾ.

ಮಲಪ್ರಭಾ
ಸಭೆ ಯಾವಾಗ? ಪುಣ್ಯಸ್ಮರಣೆಗೆ ಮೊದಲೇ ಇದೆಯಾ?

ಬೆಟಗೇರಿ ಮಗಳು
ಎರಡು ದಿನ ಮೊದಲು. ಆ ಫೋಟೋ ಇರುವ ಒಂದು ವಿಡಿಯೋ, ಇಲ್ಲದ ಒಂದು ವಿಡಿಯೋ ಎರಡನ್ನೂ ಮಾಡಿ ಇಡುತ್ತೇನೆ.